ಮೇಡಂ ಅವರಿಗೆ ಬರೆದ ಎರಡನೇ ಇಮೇಲ್

ತೀರ್ಥಹಳ್ಳಿಯ ಮನೆಯಿಂದ ನಾನು ಕಳಿಸಿದ ಮೊದಲ ಇಮೇಲ್‌ನಲ್ಲಿ ಇದ್ದದ್ದು ನಾಲ್ಕೇ ಸಾಲು. ಅಮೆರಿಕದಲ್ಲಿ ಮಣ್ಣು ವಿಜ್ಞಾನದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿದ್ದೇನೆ, ಶಿಫಾರಸು ಪತ್ರ ಬೇಕು, ಅಷ್ಟೇ. ಶಿವಮೊಗ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಮೇಡಂ ಮರುದಿನವೇ ಉತ್ತರಿಸಿದರು: "ಸಂತೋಷವಪ್ಪಾ. ಆದರೆ ನೀನು ಯಾವ ಬ್ಯಾಚ್? ನಿನ್ನ ಬಗ್ಗೆ ಏನು ಬರೆಯಲಿ?"

ನನಗೆ ಅವರು ಒಬ್ಬರೇ ಮೇಡಂ. ಅವರಿಗೆ ನನ್ನಂಥವರು ನೂರಾರು ಮಂದಿ. ಅಂಕಪಟ್ಟಿ ನೋಡಿ ಬರೆದ ಪತ್ರದಿಂದ ಪ್ರಯೋಜನವಿಲ್ಲ, ಅಂಕ ಹೇಗೂ ಅರ್ಜಿಯಲ್ಲಿ ಇರುತ್ತದೆ. ಅವರು ಕಣ್ಣಾರೆ ಕಂಡದ್ದನ್ನು ನಾನು ನೆನಪಿಸಬೇಕಿತ್ತು. ಎರಡನೇ ಇಮೇಲ್‌ನ ಮುಖ್ಯ ಭಾಗ ಹೀಗಿತ್ತು:

"ಗೌರವಾನ್ವಿತ ಮೇಡಂ, ನಮಸ್ಕಾರ. ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರದ ಅಂಶ ಅಳೆಯುವ ಪ್ರಾಜೆಕ್ಟ್ ಮಾಡಿದವನು ನಾನು. ಕೊಳೆ ರೋಗಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುವುದನ್ನು ತೋರಿಸಲು ನಿಮ್ಮನ್ನು ನಮ್ಮ ತೋಟಕ್ಕೆ ಕರೆದೊಯ್ದಿದ್ದೆ. ದ್ರಾವಣದಲ್ಲಿ ಅದ್ದಿದ ಕತ್ತಿಯ ಮೇಲೆ ತಾಮ್ರದ ಕೆಂಪು ಲೇಪ ಕೂತಾಗ, ಸುಣ್ಣ ಸಾಲದು ಎಂದು ಇನ್ನಷ್ಟು ಸೇರಿಸಿ ಮತ್ತೆ ಅದ್ದಿದೆ. ಕೆಂಪು ಕಾಣದಂತಾಗುವವರೆಗೆ ಬಿಡಲಿಲ್ಲ. ಅದು ನಿಮಗೆ ನೆನಪಿರಬಹುದು. ನನ್ನ ಬಗ್ಗೆ ಒಳ್ಳೆಯ ಪತ್ರ ಬರೆಯುವಷ್ಟು ನನ್ನ ಕೆಲಸ ನೋಡಿದ್ದೀರಿ ಎನಿಸಿದರೆ ಮಾತ್ರ ಬರೆಯಿರಿ. ಬಿಡುವಿಲ್ಲದಿದ್ದರೆ ದಯವಿಟ್ಟು ಸಂಕೋಚವಿಲ್ಲದೆ ತಿಳಿಸಿ."

ಕೊನೆಯ ಎರಡು ವಾಕ್ಯ ಬರೆಯಲು ಕಷ್ಟವಾಯಿತು. ಆದರೂ ಬೇಕೇಬೇಕು. ಒಲ್ಲದ ಮನಸ್ಸಿನಿಂದ ಬರೆದ ಪತ್ರ ಅರ್ಜಿಗೆ ಹಾನಿ ಮಾಡುತ್ತದೆ, ಮೊದಲೇ ಇಲ್ಲವೆಂದರೆ ಬೇರೆಯವರನ್ನು ಕೇಳಲು ಸಮಯ ಉಳಿಯುತ್ತದೆ. ಬ್ಯಾಚ್, ಕೋರ್ಸಿನ ಹೆಸರು, ಕೊನೆಯ ದಿನಾಂಕ ಕೆಳಗೆ ಬರೆದು, ಅಂಕಪಟ್ಟಿ, ಪ್ರಾಜೆಕ್ಟ್ ವರದಿ, ಉದ್ದೇಶ ಪತ್ರದ ಕರಡು ಲಗತ್ತಿಸಿದೆ. ಗಡುವಿಗೆ ಇನ್ನೂ ಐದು ವಾರವಿತ್ತು.

ಮೇಡಂ ಒಪ್ಪಿದ ಮೇಲೂ ಒಂದು ತೊಡಕಿತ್ತು. ಪತ್ರವನ್ನು ಅವರೇ ಅಪ್‌ಲೋಡ್ ಮಾಡಬೇಕು, ವಿಶ್ವವಿದ್ಯಾಲಯವು ಅದರ ಕೊಂಡಿಯನ್ನು ಅವರ ವಿಳಾಸಕ್ಕೆ ನೇರವಾಗಿ ಕಳಿಸುತ್ತದೆ. ನಿವೃತ್ತರಾದ ಮೇಲೆ ಅವರ ಕಾಲೇಜು ಇಮೇಲ್ ನಿಂತುಹೋಗಿತ್ತು. ಹಾಗಾಗಿ ಯಾವ ವಿಳಾಸ ಕೊಡಲಿ ಎಂದು ಕೇಳಿಯೇ ಅರ್ಜಿಯಲ್ಲಿ ತುಂಬಿದೆ. ಪತ್ರ ಓದುವ ಹಕ್ಕು ಬಿಟ್ಟುಕೊಡುತ್ತೇನೆ ಎಂಬ ಚೌಕಕ್ಕೂ ಗುರುತು ಹಾಕಿದೆ, ಗೋಪ್ಯ ಪತ್ರವನ್ನು ಆಯ್ಕೆ ಸಮಿತಿ ಹೆಚ್ಚು ನಂಬುತ್ತದೆ.

ಗಡುವಿಗೆ ಹತ್ತು ದಿನವಿದ್ದರೂ ಅರ್ಜಿಯ ಪುಟದಲ್ಲಿ ಪತ್ರ ಬಂದಿಲ್ಲವೆಂದೇ ತೋರಿಸುತ್ತಿತ್ತು. ಫೋನ್ ಮಾಡಿದೆ. "ನನಗೆ ಏನೂ ಬಂದೇ ಇಲ್ಲವಲ್ಲ" ಎಂದರು. ಸ್ಪ್ಯಾಮ್ ಫೋಲ್ಡರ್ ನೋಡಲು ವಿನಂತಿಸಿದೆ. ಅಲ್ಲೇ ಇತ್ತು. ಆ ಸಂಜೆಯೇ ಪತ್ರ ಹಾಕಿ ಮೇಡಂ ಒಂದು ಸಾಲಿನ ಸಂದೇಶ ಕಳಿಸಿದರು: "ಕತ್ತಿಯ ವಿಷಯ ಬರೆದಿದ್ದೇನೆ."