ಪತ್ತಾರರಿಗೆ ಕೊಟ್ಟ ಬಂಗಾರದ ಲೆಕ್ಕ ಹೊಂದಿಸುವುದು ಹೇಗೆ?

ಕಲಬುರಗಿಯ ಸರಾಫ ಬಜಾರಿನ ಕೆಲವು ಅಂಗಡಿಗಳ ವಹಿಗಳನ್ನು ವರ್ಷದ ಕೊನೆಗೆ ಹೊಂದಿಸಿಕೊಡುವ ಕೆಲಸ ನನ್ನದು. ಮಾರಾಟದ ಬಿಲ್ಲು, ಖರೀದಿಯ ಬಿಲ್ಲು ಎಲ್ಲವೂ ಸರಿಯಿರುತ್ತವೆ. ಬಂಗಾರ ಕಡಿಮೆ ಬೀಳುವುದು ಹೆಚ್ಚಾಗಿ ಪತ್ತಾರರ ಖಾತೆಯ ಪುಟದಲ್ಲಿ. "ಸಾವ್ಕಾರ್ರ, ನಲ್ವತ್ತು ಗ್ರಾಂ ಕೊಟ್ಟಿದ್ರಿ, ನಲ್ವತ್ತೂ ತಂದೀನ್ರಿ, ಲೆಕ್ಕ ಚುಕ್ತಾ ಆಯ್ತಿಲ್ರಿ" ಎಂದು ಪತ್ತಾರ ಹೇಳುತ್ತಾನೆ, ಮಾಲೀಕರು ಗೆರೆ ಎಳೆದು ಸಹಿ ಹಾಕುತ್ತಾರೆ. ಕೊಟ್ಟದ್ದು 24 ಕ್ಯಾರಟ್ಟಿನ ಗಟ್ಟಿ, ಬಂದದ್ದು 22 ಕ್ಯಾರಟ್ಟಿನ ಒಡವೆ. ತೂಕ ಒಂದೇ ಇದ್ದರೂ ಈ ಎರಡರ ನಡುವೆ ಸುಮಾರು 3 ಗ್ರಾಂ ಅಪ್ಪಟ ಬಂಗಾರದ ವ್ಯತ್ಯಾಸವಿದೆ. ಎಷ್ಟೋ ಸಲ ಇದರಲ್ಲಿ ಮೋಸದ ಉದ್ದೇಶವೂ ಇರುವುದಿಲ್ಲ. ಲೆಕ್ಕ ಹಿಡಿಯುವ ಕ್ರಮವೇ ತಪ್ಪಾಗಿರುತ್ತದೆ.

ಹಂತ 1: ಅಂಗಡಿಯ ದಾಸ್ತಾನು

ಇದು ಸುಲಭದ ಭಾಗ. ಪ್ರತಿ ಒಡವೆಯ ಚೀಟಿಯ ಮೇಲೆ ಒಟ್ಟು ತೂಕ, ಕಲ್ಲು-ಅರಗು-ದಾರದ ತೂಕ, ನಿವ್ವಳ ತೂಕ, ನೂರಕ್ಕೆ ಎಷ್ಟು ಪಾಲು ಬಂಗಾರವೆಂದು ಹೇಳುವ ಟಚ್ ಮತ್ತು ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತು ಇರಲಿ. ವಹಿಯಲ್ಲಿ ಇವುಗಳ ಜೊತೆಗೆ ಇನ್ನೊಂದು ಅಂಕಣ ಬೇಕು. ಅದೇ ಅಪ್ಪಟ, ಅಂದರೆ ನಿವ್ವಳ ತೂಕವನ್ನು ಟಚ್‌ನಿಂದ ಗುಣಿಸಿ 100ರಿಂದ ಭಾಗಿಸಿದಾಗ ಬರುವ ತೂಕ. ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರು ನಿವ್ವಳವನ್ನು D ಅಂಕಣದಲ್ಲೂ ಟಚ್ ಅನ್ನು E ಅಂಕಣದಲ್ಲೂ ಬರೆದು ಹೀಗೆ ಹಾಕಬಹುದು:

```
=ROUND(D2*E2/100,3)
```

18 ಕ್ಯಾರಟ್ಟಿನ ಮಾಲನ್ನು 22 ಕ್ಯಾರಟ್ಟಿನ ಟ್ರೇನಲ್ಲಿ ಒಂದು ರಾತ್ರಿಯೂ ಇಡಬೇಡಿ. ಗಿರಾಕಿಯಿಂದ ಕೊಂಡ ಹಳೆ ಬಂಗಾರವನ್ನು ಕರಗಿಸಿ ಟಚ್ ನೋಡುವವರೆಗೂ ಬೇರೆ ಪುಟದಲ್ಲೇ ಬರೆಯಿರಿ. ಬಂಗಾರದ ಅಂಗಡಿಗಳಿಗೆಂದೇ ಮಾರುವ ಕೆಲವು ಅಗ್ಗದ ಮೊಬೈಲ್ ಆ್ಯಪ್‌ಗಳಲ್ಲಿ 'ಗ್ರಾಂ' ಎಂಬ ಒಂದೇ ಅಂಕಣವಿರುತ್ತದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಬೇಡ, ಕೆಂಪು ರಟ್ಟಿನ ವಹಿಯೇ ಎಷ್ಟೋ ವಾಸಿ.

ಹಂತ 2: ಕೊಡುವಾಗ

ಮಿಲಿಗ್ರಾಂ ತೋರಿಸುವ, ಇಲಾಖೆಯ ಮುದ್ರೆ ಇರುವ ಒಂದೇ ತಕ್ಕಡಿಯಲ್ಲಿ ಕೊಡುವ ತೂಕವನ್ನೂ ತರುವ ತೂಕವನ್ನೂ ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕೂಲರ್ ನಿಲ್ಲಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ಆ ಗಾಳಿಗೆ ತಕ್ಕಡಿಯ ಕೊನೆಯ ಅಂಕಿ ಕುಣಿಯುತ್ತದೆ. ತೂಗುವಷ್ಟು ಹೊತ್ತು ಕೂಲರ್, ಫ್ಯಾನ್ ಎರಡನ್ನೂ ಬಂದ್ ಮಾಡಿ. ಕರೆಂಟು ಹೋಗಿ ಬಂದಿದ್ದರೆ ತಕ್ಕಡಿ ತುಸು ಹೊತ್ತು ಚಾಲೂ ಇದ್ದು ಸ್ಥಿರವಾಗಲಿ, ಆಮೇಲೆ ತೂಕದ ಕಲ್ಲಿಟ್ಟು ಒಮ್ಮೆ ಪರೀಕ್ಷಿಸಿಕೊಳ್ಳಿ.

ಈಗ ಒಂದು ಬೋರಮಾಳ ಸರದ ಉದಾಹರಣೆ ತೆಗೆದುಕೊಳ್ಳೋಣ. ಗಟ್ಟಿ 40.000 ಗ್ರಾಂ, ಟಚ್ 99.5. ಅಪ್ಪಟ 39.800. ಬೆಸುಗೆಯ ಲೋಹ 1.000 ಗ್ರಾಂ, ಟಚ್ 80. ಅಪ್ಪಟ 0.800. ಪತ್ತಾರನ ಖಾತೆಗೆ ಬೀಳಬೇಕಾದದ್ದು 40.600 ಗ್ರಾಂ ಅಪ್ಪಟ.

ಬೆಸುಗೆಯನ್ನು ಅಂಗಡಿಯಿಂದಲೇ ಕೊಡಿ. "ನಂದೇ ಐತ್ರಿ, ಹಚ್ತೀನಿ" ಎಂದರೆ ಒಪ್ಪಬೇಡಿ. ಅದರ ಟಚ್ ಎಷ್ಟೆಂಬುದು ನಿಮಗೆ ತಿಳಿಯದು, ಒಡವೆಯ ಟಚ್ ಇಳಿದರೆ ಹಾಲ್‌ಮಾರ್ಕ್ ಕೇಂದ್ರದಿಂದ ವಾಪಸು ಬರುವುದು ನಿಮ್ಮ ಮಾಲು. ಕ್ಯಾಡ್ಮಿಯಂ ಬೆರೆತ ಹಳೆಯ ಬೆಸುಗೆಯಂತೂ ಬೇಡವೇ ಬೇಡ. ಬೆಂಕಿ ತಗುಲಿದಾಗ ಕ್ಯಾಡ್ಮಿಯಂ ಹೊಗೆಯಾಗಿ ಹಾರಿ ತೂಕದ ಲೆಕ್ಕ ಕೆಡಿಸುತ್ತದೆ, ಆ ಹೊಗೆ ಕುಡಿದ ಪತ್ತಾರನ ಪುಪ್ಪುಸವನ್ನೂ ಕೆಡಿಸುತ್ತದೆ.

916 ಮುದ್ರೆಗೆ ಸಾವಿರಕ್ಕೆ ಕನಿಷ್ಠ 916 ಪಾಲು ಬಂಗಾರ ಇರಬೇಕು. ಬೆಸುಗೆ ಬಿದ್ದ ಮೇಲೆ ಟಚ್ ಸ್ವಲ್ಪ ಇಳಿಯುವುದರಿಂದ ನಾನು ಯಾವಾಗಲೂ 92.0 ಟಚ್‌ಗೆ ಬೆರಸಲು ಹೇಳುತ್ತೇನೆ. 39.800 ಅನ್ನು 0.92ರಿಂದ ಭಾಗಿಸಿದರೆ 43.261 ಗ್ರಾಂ. ಅಂದರೆ 3.261 ಗ್ರಾಂ ತಾಮ್ರ-ಬೆಳ್ಳಿ ಸೇರಬೇಕು. ಅದನ್ನೂ ತೂಗಿಯೇ ಕೊಡಿ, ಖಾತೆಯಲ್ಲಿ ಬರೆಯಿರಿ. ಬೆಸುಗೆಯೂ ಸೇರಿ ಪತ್ತಾರನ ಕೈಗೆ ಹೋದ ಒಟ್ಟು ಲೋಹ 44.261 ಗ್ರಾಂ. ಈ ಅಂಕಿ ಮುಂದೆ ಬೇಕಾಗುತ್ತದೆ.

ಜೊತೆಗೆ ಜಾಬ್ ವರ್ಕ್ ಚಲನ್ ಬರೆಯಿರಿ. ಜಿಎಸ್‌ಟಿ ನಿಯಮದಂತೆ ಕೆಲಸಕ್ಕೆ ಕೊಟ್ಟ ಲೋಹ ಒಂದು ವರ್ಷದೊಳಗೆ ತಿರುಗಿ ಬರಬೇಕು. ಸವಕಳಿಯನ್ನೂ ಅದೇ ಚೀಟಿಯಲ್ಲಿ ಮೊದಲೇ ಬರೆದು ಸಹಿ ಮಾಡಿಸಿ. ಈ ಸರಕ್ಕೆ ಒಪ್ಪಿಕೊಂಡದ್ದು ನಿವ್ವಳ ತೂಕದ ನೂರಕ್ಕೆ ಎರಡೂವರೆ, ಅದೂ ಅಪ್ಪಟದ ಲೆಕ್ಕದಲ್ಲಿ.

ಹಂತ 3: ಅರಗು ತುಂಬುವ ಮುಂಚೆ

ಹೆಚ್ಚಿನವರು ಎಡವುವುದು ಇಲ್ಲಿ. ಬೋರಮಾಳದ ಗುಂಡುಗಳು ಟೊಳ್ಳು, ಒಳಗೆ ಅರಗು ತುಂಬಿರುತ್ತದೆ. ತುಂಬಿದ ಮೇಲೆ ಬಂಗಾರ ಎಷ್ಟು, ಅರಗು ಎಷ್ಟು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಗುಂಡು ಕರಗಿಸಿಯೇ ತಿಳಿಯಬೇಕು. ಆದ್ದರಿಂದ ಬೆಸುಗೆ ಮುಗಿದು, ಅರ ಹೊಡೆದು, ತೊಳೆದ ಬರಿಯ ಗುಂಡುಗಳನ್ನು ಪತ್ತಾರ ಒಮ್ಮೆ ಅಂಗಡಿಗೆ ತರಲೇಬೇಕು. "ಎರಡ್ ಸರ್ತಿ ಯಾಕ್ ತಿರುಗಿಸ್ತೀರಿ ಸಾವ್ಕಾರ್ರ" ಎಂದು ಗೊಣಗುತ್ತಾರೆ. ಬೇಕಾದರೆ ಮಜೂರಿ ಸ್ವಲ್ಪ ಹೆಚ್ಚು ಕೊಡಿ, ಈ ತೂಕ ಮಾತ್ರ ಬಿಡಬೇಡಿ.

ನಮ್ಮ ಸರದ ಬರಿಯ ಗುಂಡು 33.150 ಗ್ರಾಂ. ಅರಗು ತುಂಬಿ ದಾರ ಪೋಣಿಸಿದ ಮೇಲೆ 44.700 ಗ್ರಾಂ. ದಾರ 0.350 ಕಳೆದರೆ ಅರಗು 11.200 ಗ್ರಾಂ. ಬರಿಯ ಗುಂಡನ್ನು ತೂಗದೆ 'ಅರಗು ಹತ್ತೂವರೆ ಇದ್ದೀತು' ಎಂದು ಬರೆದಿದ್ದರೆ 0.700 ಗ್ರಾಂ ಅರಗು ಬಂಗಾರವೆಂದು ಪತ್ತಾರನಿಗೆ ಜಮಾ ಆಗುತ್ತಿತ್ತು. ಅದೇ ಚೀಟಿ ಅಂಟಿಸಿ ಮಾರಿದರೆ ಅಷ್ಟೇ ಅರಗಿಗೆ ಗಿರಾಕಿಯೂ ಬಂಗಾರದ ದುಡ್ಡು ಕೊಡುತ್ತಿದ್ದ. ಟಚ್ ಕೂಡ ಬರಿಯ ಗುಂಡಿನಲ್ಲೇ ನೋಡಿ, ಬೆಸುಗೆಯ ಜಾಗ ಮತ್ತು ಬೆಸುಗೆಯಿಲ್ಲದ ಜಾಗ ಎರಡೂ ಕಡೆ. ಇಲ್ಲಿ ಸರಾಸರಿ 91.7 ಬಂತು.

ಹಂತ 4: ಎರಡು ಲೆಕ್ಕ ಅಕ್ಕಪಕ್ಕ

ಸರದ ಜೊತೆಗೆ ಕತ್ತರಿಸಿ ಉಳಿದ ಚೂರು, ಉಳಿದ ಬೆಸುಗೆ, ಅರದ ಪುಡಿ ಮೂರೂ ಬೇರೆ ಬೇರೆ ಪೊಟ್ಟಣದಲ್ಲಿ ಬರಬೇಕು. ಪುಡಿಯ ಮೇಲೆ ಅಯಸ್ಕಾಂತ ಆಡಿಸಿ ಅರದ ಕಬ್ಬಿಣ ತೆಗೆದು, ಕರಗಿಸಿ, ಆಮೇಲೆ ತೂಗಿ. ಪುಡಿಯನ್ನು ಪುಡಿಯಾಗಿಯೇ ತೂಗಿ ಜಮಾ ಮಾಡುವುದೆಂದರೆ ಕಬ್ಬಿಣ, ಮಣ್ಣು, ಬಿಳಿಗಾರ ಎಲ್ಲವನ್ನೂ ಬಂಗಾರದ ಬೆಲೆಗೆ ಕೊಂಡ ಹಾಗೆ.

ಮೊದಲು ಬರಿಯ ತೂಕ ನೋಡೋಣ. ಗುಂಡು 33.150, ಚೂರು 8.400, ಬೆಸುಗೆ 0.300, ಕರಗಿಸಿದ ಪುಡಿ 1.600. ಒಟ್ಟು 43.450. ಕೊಟ್ಟದ್ದು 44.261. ಕಡಿಮೆ ಬಿದ್ದದ್ದು 0.811 ಗ್ರಾಂ. ಒಪ್ಪಿದ ಸವಕಳಿ 0.829. ಇಲ್ಲಿಗೆ ಎಲ್ಲವೂ ಚೊಕ್ಕ ಕಾಣುತ್ತದೆ, ಹಲವರು ಇಲ್ಲಿಯೇ ವಹಿ ಮುಚ್ಚುತ್ತಾರೆ.

ಈಗ ಅಪ್ಪಟ. ಗುಂಡಿನಲ್ಲಿ 30.399, ಬೆಸುಗೆಯಲ್ಲಿ 0.240, 91 ಟಚ್‌ನ ಪುಡಿಯಲ್ಲಿ 1.456. ಉಳಿದದ್ದು ಚೂರು. ಅದು ನಮ್ಮದೇ 92ರ ಲೋಹ ಎಂದು ನಂಬಿದರೆ 7.728. ಆಗ ಅಪ್ಪಟದ ಕೊರತೆ 0.777, ಒಪ್ಪಂದದ ಒಳಗೇ ಇದೆ. ಆದರೆ ಚೂರನ್ನು ಕರಗಿಸಿ ನೋಡಿದಾಗ ಟಚ್ ಬಂದದ್ದು 89. ಅಂದರೆ ಅದರಲ್ಲಿ ಇರುವುದು 7.476 ಮಾತ್ರ. ಕೊರತೆ 1.029ಕ್ಕೆ ಏರಿತು, ಒಪ್ಪಿದ್ದಕ್ಕಿಂತ 0.200 ಗ್ರಾಂ ಹೆಚ್ಚು.

ತೂಕ ಮತ್ತು ಅಪ್ಪಟ ಎರಡೂ ಕಡಿಮೆ ಬಿದ್ದರೆ ಲೋಹ ಎಲ್ಲೋ ಉಳಿದಿದೆ. ಕೆಲಸದ ಮಣೆಯ ಕೆಳಗೆ, ಮೂಸೆಯ ಗೋಡೆಗೆ, ಪಾಲಿಶಿನ ಬಟ್ಟೆಯಲ್ಲಿ ಹುಡುಕಿ. ತೂಕ ಹೊಂದಿ ಅಪ್ಪಟ ಮಾತ್ರ ಕಡಿಮೆ ಬಿದ್ದರೆ ಲೋಹ ಬದಲಾಗಿದೆ ಅಥವಾ ಬೆರೆತಿದೆ, ಕಸ ಗುಡಿಸಿ ಪ್ರಯೋಜನವಿಲ್ಲ.

ಪತ್ತಾರ ಹೇಳಿದ್ದು, "ಕೆಟ್ಟ ಗುಂಡು ನಾಕು ಚೂರಿನಾಗ ಹಾಕೀನ್ರಿ, ಬೆಸುಗೆ ಕೂಡ್ಯದ, ಅದಕ್ಕ ಇಳದದ." ಕೇಳಲು ಸರಿಯೆನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಖರ್ಚಾದ ಬೆಸುಗೆ ಒಟ್ಟು 0.700 ಗ್ರಾಂ. ಅದಿಷ್ಟೂ ಚೂರಿನಲ್ಲೇ ಸೇರಿದೆ ಎಂದುಕೊಂಡರೂ 8.400 ಗ್ರಾಂನ ಟಚ್ 92ರಿಂದ 91ಕ್ಕೆ ಇಳಿಯಬಹುದು, 89ಕ್ಕೆ ಇಳಿಯದು. ಹಾಗಾದರೆ ಹೊರಗಿನ ಲೋಹ ಬಂದಿದೆ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಇನ್ನೊಂದು ಅಂಗಡಿಯ ಚೂರೂ ಅದೇ ಡಬ್ಬಿಗೆ ಬಿದ್ದಿತ್ತು. ನಾಲ್ಕಾರು ಅಂಗಡಿಗಳ ಕೆಲಸ ಹಿಡಿಯುವ ಪತ್ತಾರರಲ್ಲಿ ಇದು ಆಗುವಂಥದ್ದೇ. ಅಂಗಡಿಯ ಹೆಸರು ಬರೆದ ಡಬ್ಬಿಯನ್ನು ನೀವೇ ಕೊಟ್ಟುಬಿಡಿ.

ಟಚ್ ನೋಡುವ ಬಗ್ಗೆ ಒಂದು ಮಾತು

ಒರೆಗಲ್ಲಿನಲ್ಲಿ 92 ಮತ್ತು 89ರ ವ್ಯತ್ಯಾಸವನ್ನು ಖಚಿತವಾಗಿ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಎಕ್ಸ್‌ರೇ ಯಂತ್ರ ಬೇಗ ಹೇಳುತ್ತದೆ, ಆದರೆ ಅದು ಕಾಣುವುದು ಮೇಲಿನ ತೆಳುವಾದ ಪದರವನ್ನು ಮಾತ್ರ. ಆಸಿಡ್ಡಿನಲ್ಲಿ ತೊಳೆದ ಚೂರಿನ ಮೈಯಿಂದ ತಾಮ್ರ ಹೋಗಿರುವುದರಿಂದ ಅಲ್ಲಿ ಟಚ್ ಇರುವುದಕ್ಕಿಂತ ಹೆಚ್ಚೇ ಬರುತ್ತದೆ. ಚೂರನ್ನು ಪತ್ತಾರನ ಎದುರಿಗೇ ಕರಗಿಸಿ, ಚೆನ್ನಾಗಿ ಕಲಸಿ, ಗುಂಡಿಯಾಗಿ ಎರೆದು, ಮೇಲ್ಮೈಯನ್ನು ಅರದಿಂದ ತುಸು ಉಜ್ಜಿ, ಎರಡೂ ಬದಿ ನೋಡಿ. ಎರಡು ಬದಿಯ ಅಂಕಿಗಳಲ್ಲಿ ದೊಡ್ಡ ಅಂತರ ಕಂಡರೆ ಲೋಹ ಸರಿಯಾಗಿ ಬೆರೆತಿಲ್ಲ, ಮತ್ತೆ ಕರಗಿಸಿ. ತಕರಾರು ಉಳಿದರೆ ಬೆಂಕಿಯಲ್ಲಿ ಶೋಧಿಸುವ ಫೈರ್ ಅಸ್ಸೇ ಪರೀಕ್ಷೆಯೇ ಕೊನೆಯ ಮಾತು.

ಹಂತ 5: ಖಾತೆ ಮುಚ್ಚುವುದು

ಹೆಚ್ಚು ಬಿದ್ದ 0.200 ಗ್ರಾಂ ಅಪ್ಪಟವನ್ನು ಪತ್ತಾರ ಲೋಹವಾಗಿ ತರಬಹುದು, ಇಲ್ಲವೇ ಆ ದಿನದ 24 ಕ್ಯಾರಟ್ ದರದಲ್ಲಿ ಮಜೂರಿಯಿಂದ ಕಳೆಯಬಹುದು. ಯಾವುದಾದರೂ ಸರಿ, ಅದೇ ದಿನ ಬರೆದು ಇಬ್ಬರೂ ಸಹಿ ಮಾಡಿ. 'ಮುಂದಿನ ಕೆಲಸದಾಗ ನೋಡೋಣ' ಎಂದು ಹಳೆ ಬಾಕಿಯ ಮೇಲೆ ಹೊಸ ಗಟ್ಟಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಎರಡು ಕೆಲಸಗಳ ಚೂರು ಒಂದಾದ ಮೇಲೆ ಯಾವ ಕೊರತೆ ಯಾವುದರದ್ದು ಎಂದು ಬಿಡಿಸಲು ಯಾರಿಂದಲೂ ಆಗದು. ಮದುವೆಯ ಹಂಗಾಮಿನಲ್ಲಿ ಹೊಸ ಕೆಲಸ ಕೊಡಲೇಬೇಕಾಗಿ ಬಂದರೆ ಬೇರೆ ಪುಟ, ಬೇರೆ ಚಲನ್, ಬೇರೆ ಡಬ್ಬಿ ಮಾಡಿ. ಚೂರಿನ ಗುಂಡಿಯ ಮೇಲೆ 89 ಎಂದು ಕೊರೆದು ಅಂಗಡಿಯ ದಾಸ್ತಾನಿಗೆ 7.476 ಅಪ್ಪಟವೆಂದೇ ಹತ್ತಿಸಿ. ಮುಂದಿನ ಸಲ ಅದನ್ನು ಯಾರಿಗೆ ಕೊಟ್ಟರೂ ಆ ಖಾತೆಗೆ ಬೀಳಬೇಕಾದ್ದು ಅಷ್ಟೇ.