ಮಾವನ ವಖಾರಿಯಲ್ಲಿ ಮಾಡಿದ ಕೆಲಸವನ್ನು ರೆಸ್ಯೂಮೆಯಲ್ಲಿ ಬರೆಯುವುದು ಹೇಗೆ?

ಸಂಬಂಧಿಕರ ವ್ಯಾಪಾರದಲ್ಲಿ ಮಾಡಿದ ಕೆಲಸ ಬರೆಯುವಾಗ, ಮನೆಯವರಲ್ಲದ ಒಬ್ಬರು ದಾಖಲೆ ನೋಡಿ ಹೌದು ಎನ್ನಬಹುದಾದ ಸಾಲನ್ನೇ ಬರೆಯಿರಿ. ಶಿರಸಿಯಲ್ಲಿ ಸೋದರಮಾವನ ಅಡಿಕೆ ವಖಾರಿ ಅಂದುಕೊಳ್ಳಿ. ‘ಮ್ಯಾನೇಜರ್, ಎಲ್ಲ ವ್ಯವಹಾರ ನೋಡಿಕೊಂಡೆ’ ಅಂದರೆ ಓದುವವರಿಗೆ ಸುಮ್ನೆ ಕೊಟ್ಟ ಹುದ್ದೆಯಂತೆ ಕಾಣುತ್ತದೆ. ಅದರ ಬದಲು ಹೀಗೆ ಬರೆಯಿರಿ: ‘ಲೆಕ್ಕ ಮತ್ತು ವಸೂಲಿ, 14 ತಿಂಗಳು. ಖರೀದಿ, ಮಾರಾಟ ಟ್ಯಾಲಿಯಲ್ಲಿ ದಾಖಲು. ಜಿಎಸ್‌ಟಿಆರ್-1ಕ್ಕೆ ಬೇಕಾದ ಲೆಕ್ಕ ಪ್ರತಿ ತಿಂಗಳು 11ರ ಗಡುವಿಗೆ ಮೊದಲೇ ಆಡಿಟರಿಗೆ. 60 ದಿನ ದಾಟಿದ ಬಾಕಿ 9 ಲಕ್ಷದಿಂದ 4 ಲಕ್ಷಕ್ಕೆ ಇಳಿಕೆ.’ ಅಂಕಿಗಳು ನಿಮ್ಮವೇ ಇರಲಿ, ಟ್ಯಾಲಿಯ ಬಾಕಿ ಪಟ್ಟಿಯಿಂದ ತೆಗೆದದ್ದಾಗಿರಲಿ. ಇದು ಕೆಲಸ ಮಾಡುವುದಕ್ಕೆ ಕಾರಣ ಇಷ್ಟೇ: ಗಡುವು ಮತ್ತು ಬಾಕಿಯನ್ನು ಮಾವನ ಪ್ರೀತಿ ಬದಲಿಸಲಾರದು. ರೆಫರೆನ್ಸ್‌ಗೂ ಮಾವ ಬೇಡ. ಆಡಿಟರ್ ಅಥವಾ ಕಾಯಂ ಖರೀದಿದಾರರೊಬ್ಬರನ್ನು ಮೊದಲೇ ಕೇಳಿ, ಅವರ ಹೆಸರು ಕೊಡಿ. ಇಡೀ ವಖಾರಿಯ ವಹಿವಾಟನ್ನು ಮಾತ್ರ ನಿಮ್ಮ ಸಾಧನೆ ಎಂದು ಬರೆಯಬೇಡಿ. ಆ ವರ್ಷ ಅಡಿಕೆ ದರ ಏರಿದ್ದರೂ ವಹಿವಾಟು ಏರಿರುತ್ತದೆ ಅಲ್ವಾ? ಸಂಬಂಧವನ್ನು ರೆಸ್ಯೂಮೆಯಲ್ಲಿ ಹೇಳಬೇಕಿಲ್ಲ, ಸಂದರ್ಶನದಲ್ಲಿ ಕೇಳಿದರೆ ಮುಚ್ಚಿಡಬೇಡಿ. ಸಂಬಳ ಕೈಗೆ ನಗದಾಗಿ ಬಂದಿದ್ದರೆ ಈ ಉಪಾಯ ಅರ್ಧ ಕೈಕೊಡುತ್ತದೆ. ದೊಡ್ಡ ಕಂಪನಿಗಳು ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತವೆ. ಆಗ ಹಳೆ ತಾರೀಕಿನ ಚೀಟಿ ಮಾಡಿಸಲು ಹೋಗಬೇಡಿ, ಸಿಕ್ಕಿಬಿದ್ದರೆ ಕೆಲಸವೇ ಹೋಗುತ್ತದೆ. ನಗದು ಸಂಬಳ ಎಂದು ಎಚ್‌ಆರ್‌ಗೆ ಮೊದಲೇ ತಿಳಿಸಿ. ಇನ್ನೂ ಅಲ್ಲೇ ಇರುವವರು ಈ ತಿಂಗಳಿಂದಲೇ ಸಂಬಳ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಿ.