ಹೊಸ ಗಿರಾಕಿಯ ಖರ್ಚು ಲೆಕ್ಕ ಹಾಕುವಾಗ ವಾಪಸ್ ಬಂದ ಪಾರ್ಸೆಲ್ ಬಿಡಬೇಡಿ

ಹಾಸನದಲ್ಲಿ ಕೂತು ಆನ್‌ಲೈನ್‌ನಲ್ಲಿ ಬಟ್ಟೆ ಮಾರುವವರು ಜಾಹೀರಾತಿನ ಖರ್ಚನ್ನು ಒಟ್ಟು ಆರ್ಡರ್‌ಗಳಿಂದ ಭಾಗಿಸಬೇಡಿ. ಬಟ್ಟೆ ಇಟ್ಟುಕೊಂಡ ಹೊಸ ಗಿರಾಕಿಗಳಿಂದ ಮಾತ್ರ ಭಾಗಿಸಿ. ಹಳಬರು ಹೇಗೂ ಬರುತ್ತಿದ್ದರು, ವಾಪಸ್ ಬಂದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಖರ್ಚೇ ಹೊರತು ಗಿರಾಕಿಯಲ್ಲ, ಅಲ್ವಾ? ಉದಾಹರಣೆಗೆ ಜಾಹೀರಾತಿಗೆ 10,800 ರೂಪಾಯಿ, 54 ಆರ್ಡರ್. ತಲೆಗೆ 200 ಅನ್ನಿಸುತ್ತದೆ. ಅದರಲ್ಲಿ 14 ಹಳಬರು, 10 ವಾಪಸ್. ಉಳಿದವರು 30. ವಾಪಸ್ ಬಂದದ್ದರ ಕೊರಿಯರ್ 1,200 ಸೇರಿಸಿದರೆ ತಲೆಗೆ 400! ಇನ್ನು ಗಿರಾಕಿಯಿಂದ ಬರುವುದನ್ನು ನೋಡಿ. ಕುರ್ತಿಯ ಬೆಲೆ 900 ಇರಬಹುದು, ಆದರೆ ಮಾಲು, ಪ್ಯಾಕಿಂಗ್, ಕೊರಿಯರ್ ಕಳೆದು ಕೈಗೆ ಉಳಿಯುವ 250 ಮಾತ್ರ ಲೆಕ್ಕಕ್ಕೆ. ಕಳೆದ ವರ್ಷ ಇದೇ ತಿಂಗಳು ಮೊದಲ ಸಲ ಕೊಂಡವರನ್ನು ಫೋನ್ ನಂಬರ್ ಹಿಡಿದು ಹುಡುಕಿ. 40 ಜನ ವರ್ಷದಲ್ಲಿ 72 ಆರ್ಡರ್ ಕೊಟ್ಟಿದ್ದರೆ ತಲೆಗೆ 1.8, ಅಂದರೆ 450 ರೂಪಾಯಿ. 400 ಹಾಕಿ ವರ್ಷಕ್ಕೆ 50 ಉಳಿಸುವುದು ತೀರಾ ಕಡಿಮೆ. ನಾನಾದರೆ ಜಾಹೀರಾತು ಹೆಚ್ಚಿಸುವ ಮೊದಲು, ಪಾರ್ಸೆಲ್ ಕಳಿಸುವ ಮುಂಚೆ ಫೋನ್ ಮಾಡಿ ಆರ್ಡರ್ ಖಚಿತಪಡಿಸಿಕೊಳ್ಳುತ್ತೇನೆ. ಅಂಗಡಿಗೆ ಇನ್ನೂ ವರ್ಷ ತುಂಬಿಲ್ಲದಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಆಗ ಮೊದಲ ಆರ್ಡರ್‌ನ ಲಾಭವನ್ನಷ್ಟೇ ನಂಬಿ. ಹಾಸನಾಂಬೆಯ ಬಾಗಿಲು ತೆರೆಯುವ ದೀಪಾವಳಿ ಸಮಯದಲ್ಲಿ ಬಂದವರನ್ನೂ ಬೇರೆಯಾಗಿ ಎಣಿಸಿ. ಹಬ್ಬಕ್ಕೆಂದು ಕೊಂಡವರಲ್ಲಿ ಎಷ್ಟೋ ಜನ ಮತ್ತೆ ಬರುವುದಿಲ್ಲ.